ಏಕಮಾಲೀಕತ್ವವೋ, ಪಾಲುದಾರಿಕೆಯೋ, ಪ್ರೈವೇಟ್ ಲಿಮಿಟೆಡ್ ಕಂಪನಿಯೋ? ಮುಂಬೈ, ಪುಣೆ, ಗೋವಾದ ಸಣ್ಣ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಾಶಿಯ ಮಸಾಲಾ ಮಾರ್ಕೆಟ್‌ನಲ್ಲಿ, ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ, ಮಡಗಾಂವ್ ಪೇಟೆಯಲ್ಲಿ ಊರಿನ ಸರಕು ತಂದು ಮಾರುವ ಕನ್ನಡಿಗರ ಪ್ರಶ್ನೆಗಳು ಇವು. ಹೆಚ್ಚಿನವರ ವ್ಯಾಪಾರದ ರೂಪ ಒಂದೇ. ಒಬ್ಬರಿಗೆ ಮಾರುಕಟ್ಟೆ ಗೊತ್ತು, ಇನ್ನೊಬ್ಬರ ಕೈಯಲ್ಲಿ ಹಣವಿದೆ, ಇಬ್ಬರೂ ನೆಂಟರು. ಆದ್ದರಿಂದ ಉತ್ತರಗಳ ಉದ್ದಕ್ಕೂ ಒಂದೇ ಜೋಡಿಯನ್ನು ಇಟ್ಟುಕೊಂಡಿದ್ದೇನೆ. ಇದು ಲೆಕ್ಕಕ್ಕಾಗಿ ಕಲ್ಪಿಸಿದ ಜೋಡಿ. ಹಾವೇರಿ ಕಡೆಯ ಭಾವ ಬ್ಯಾಡಗಿ ಮೆಣಸಿನಕಾಯಿಯ ಖರೀದಿ ನೋಡಿಕೊಳ್ಳುತ್ತಾರೆ. ಭಾವಮೈದುನ ವಾಶಿಯ ಗಾಳಾದಲ್ಲಿ, ಅಂದರೆ ಬಾಡಿಗೆ ಮಳಿಗೆಯಲ್ಲಿ ಕುಳಿತು ಮಾಟುಂಗಾ, ಚೆಂಬೂರು, ಡೊಂಬಿವಲಿಯ ಹೋಟೆಲುಗಳಿಗೆ ಮಾರುತ್ತಾನೆ. ಭಾವ ಹಾಕಿರುವ ಬಂಡವಾಳ 20 ಲಕ್ಷ. ವರ್ಷದ ವಹಿವಾಟು ಎರಡೂವರೆ ಕೋಟಿ. ಇಬ್ಬರೂ ತಮ್ಮ ದುಡಿಮೆಗೆಂದು ಏನನ್ನೂ ತೆಗೆದುಕೊಳ್ಳುವ ಮೊದಲು ಉಳಿಯುವ ಲಾಭ 18 ಲಕ್ಷ.

ಈ ಮೂರರ ನಡುವಿನ ನಿಜವಾದ ವ್ಯತ್ಯಾಸ ಯಾವುದು?

ಸಾಲ ಯಾರ ಹೆಗಲ ಮೇಲೆ ಕೂರುತ್ತದೆ ಎಂಬುದು. ಏಕಮಾಲೀಕತ್ವದಲ್ಲಿ ಅಂಗಡಿಗೂ ಮಾಲೀಕನಿಗೂ ಕಾನೂನು ಭೇದ ಮಾಡುವುದಿಲ್ಲ. ಫಲಕದ ಮೇಲೆ ಯಾವ ದೇವರ ಹೆಸರಿದ್ದರೂ ಪ್ಯಾನ್ ಮಾಲೀಕನದೇ, ಸಾಲವೂ ಅವನದೇ. ಪಾಲುದಾರಿಕೆಗೆ ಬೇರೆ ಪ್ಯಾನ್ ಇರುತ್ತದೆ, ತೆರಿಗೆ ಇಲಾಖೆ ಅದನ್ನು ಬೇರೆಯಾಗಿಯೇ ನೋಡುತ್ತದೆ. ಆದರೆ ಸಾಲ ಕೊಟ್ಟವರು ಬಾಗಿಲು ಬಡಿದಾಗ ಪಾಲುದಾರರ ಮನೆ, ಹೊಲ, ಬ್ಯಾಂಕ್ ಠೇವಣಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಂಪನಿ ಮಾತ್ರ ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಬ್ಬ ವ್ಯಕ್ತಿ. ಅದರ ಸಾಲ ಅದರದು, ಷೇರುದಾರನು ಕಳೆದುಕೊಳ್ಳುವುದು ತಾನು ಹಾಕಿದ ಹಣವನ್ನಷ್ಟೇ. ಈ ಕೊನೆಯ ಮಾತಿಗೆ ಹಲವು ವಿನಾಯಿತಿಗಳಿವೆ. ಅವು ಮುಂದೆ ಬರುತ್ತವೆ.

ಒಬ್ಬನೇ ಶುರು ಮಾಡುತ್ತಿದ್ದೇನೆ. ಏನೇನು ಬೇಕು?

ಬಹಳ ಇಲ್ಲ. ಮಹಾರಾಷ್ಟ್ರದಲ್ಲಿ ಅಂಗಡಿಗೆ ‘ಗುಮಾಸ್ತಾ’, ಅಂದರೆ ಅಂಗಡಿ ನೋಂದಣಿ ಬೇಕು. 2017ರ ಅಂಗಡಿ ಕಾಯ್ದೆಯ ಪ್ರಕಾರ ಕೆಲವೇ ನೌಕರರಿದ್ದರೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟು ರಸೀದಿ ಪಡೆದರೆ ಸಾಕು. ಸರಕು ಮಾತ್ರ ಮಾರುವವರಿಗೆ ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಆದರೆ ತೆರಿಗೆ ಇರುವ ಸರಕನ್ನು ರಾಜ್ಯದ ಗಡಿ ದಾಟಿ ಮಾರಿದರೆ ಮೊದಲ ಬಿಲ್ಲಿಗೇ ನೋಂದಣಿ ಬೇಕು. ಮುಂಬೈಯಿಂದ ಗೋವಾದ ಹೋಟೆಲಿಗೆ ಒಂದು ಮೂಟೆ ಕಳಿಸಿದರೂ ಇದು ಅನ್ವಯಿಸುತ್ತದೆ. ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರ್ಕಾರಿ ತಾಣದಲ್ಲಿ ಉಚಿತ. ಅದಕ್ಕೆ ಶುಲ್ಕ ಕೇಳುವ ತಾಣ ಸರ್ಕಾರದ್ದಲ್ಲ. ಗುಮಾಸ್ತಾ, ಜಿಎಸ್‌ಟಿ, ಉದ್ಯಮ್ ಕಾಗದಗಳಲ್ಲಿ ಎರಡು ಕೈಯಲ್ಲಿದ್ದರೆ ಬ್ಯಾಂಕ್ ಸಾಮಾನ್ಯವಾಗಿ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯುತ್ತದೆ.

ಹಣ ಭಾವನದು, ದುಡಿಮೆ ನನ್ನದು, ಜಿಎಸ್‌ಟಿ ನನ್ನ ಹೆಸರಿನಲ್ಲಿದೆ. ಲಾಭ ಅರ್ಧ ಅರ್ಧ ಎಂದು ಮಾತಾಗಿದೆ. ಇದು ಏನು?

ಕಾಗದದ ಮೇಲೆ ಏಕಮಾಲೀಕತ್ವ, ಮನೆಯೊಳಗೆ ಪಾಲುದಾರಿಕೆ. ನಮ್ಮವರಲ್ಲಿ ಅತಿ ಹೆಚ್ಚು ಕಾಣುವ ವ್ಯವಸ್ಥೆ ಇದೇ, ಅತಿ ಹೆಚ್ಚು ಕೆಡುವುದೂ ಇದೇ. ಇಲಾಖೆಯ ಲೆಕ್ಕದಲ್ಲಿ ಇಡೀ 18 ಲಕ್ಷ ನಿಮ್ಮೊಬ್ಬರ ಆದಾಯ. ಭಾವನಿಗೆ ಕೊಡುವ ಅರ್ಧ ಲಾಭವನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. ಪೂರ್ತಿ ತೆರಿಗೆ ಕಟ್ಟಿದ ಮೇಲೆ ಉಳಿದುದರಲ್ಲಿ ಕೊಡಬೇಕು. ಅತ್ತ ಭಾವನ ಕೈಯಲ್ಲಿ ತನ್ನ 20 ಲಕ್ಷಕ್ಕೆ ಬ್ಯಾಂಕ್ ಪಾಸ್‌ಬುಕ್ಕಿನ ಒಂದು ಸಾಲು ಬಿಟ್ಟರೆ ಬೇರೆ ಆಧಾರವಿಲ್ಲ.

ಬಾಯಿಮಾತಿನ ಪಾಲುದಾರಿಕೆಯನ್ನೂ 1932ರ ಪಾಲುದಾರಿಕೆ ಕಾಯ್ದೆ ಒಪ್ಪುತ್ತದೆ. ಆದರೆ ಬರಹವಿಲ್ಲದ ಕಡೆ ಕಾಯ್ದೆ ತನ್ನದೇ ನಿಯಮಗಳನ್ನು ತುಂಬುತ್ತದೆ. ಯಾರು ಎಷ್ಟು ಹಾಕಿದ್ದರೂ ಲಾಭ ನಷ್ಟ ಸಮಪಾಲು, ದುಡಿದವನಿಗೆ ಸಂಬಳವಿಲ್ಲ, ಬಂಡವಾಳಕ್ಕೆ ಬಡ್ಡಿ ಇಲ್ಲ. 20 ಲಕ್ಷ ಹಾಕಿದ ಭಾವನಿಗೂ ದಿನವಿಡೀ ಗಾಳಾದಲ್ಲಿ ನಿಂತ ಭಾವಮೈದುನನಿಗೂ ಇದರಲ್ಲಿ ನ್ಯಾಯ ಕಾಣುವುದಿಲ್ಲ.

ಆದ್ದರಿಂದ ಎರಡರಲ್ಲಿ ಒಂದನ್ನು ನಿರ್ಧರಿಸಿ. ಭಾವ ಹಣವನ್ನಷ್ಟೇ ಕೊಡುತ್ತಾರೆ, ವ್ಯಾಪಾರದಲ್ಲಿ ಕೈಹಾಕುವುದಿಲ್ಲ ಎಂದಾದರೆ ಅದನ್ನು ಸಾಲವೆಂದೇ ಬರೆದುಕೊಳ್ಳಿ. ಬಡ್ಡಿ ದರ, ಮರುಪಾವತಿಯ ಅವಧಿ ನಮೂದಿಸಿ, ಬ್ಯಾಂಕ್ ಮೂಲಕವೇ ಕೊಟ್ಟು ತೆಗೆದುಕೊಳ್ಳಿ. ಬಡ್ಡಿ ನಿಮಗೆ ಖರ್ಚಾಗುತ್ತದೆ, ವ್ಯಾಪಾರದ ಸಾಲಗಳು ಭಾವನನ್ನು ಮುಟ್ಟುವುದಿಲ್ಲ. ಖರೀದಿ, ಬೆಲೆ, ಯಾರಿಗೆ ಉದ್ರಿ ಎಂಬುದರಲ್ಲೂ ಅವರ ಮಾತು ನಡೆಯುವುದಾದರೆ ಅದು ಪಾಲುದಾರಿಕೆ. ಹಾಗಿದ್ದರೆ ಪಾಲುದಾರಿಕೆ ಪತ್ರ ಬರೆಯಲೇಬೇಕು.

ಪತ್ರ ಬರೆದು ನೋಟರಿ ಮಾಡಿಸಿದ್ದೇವೆ. ನೋಂದಣಿಯೂ ಬೇಕೇ?

ಉದ್ರಿ ವ್ಯಾಪಾರ ಮಾಡುವವರಿಗೆ ಬೇಕೇ ಬೇಕು. ನೋಟರಿಯ ಮುದ್ರೆ ನೋಂದಣಿಯಲ್ಲ. ಜಿಎಸ್‌ಟಿ, ಪ್ಯಾನ್ ಸಿಕ್ಕಿದ್ದೂ ನೋಂದಣಿಯಲ್ಲ. ಇಲ್ಲಿ ಹೇಳುತ್ತಿರುವುದು ರಾಜ್ಯದ ಫರ್ಮ್ ನೋಂದಣಾಧಿಕಾರಿಯ ಪುಸ್ತಕದಲ್ಲಿ ಹೆಸರು ದಾಖಲಾಗುವ ವಿಷಯ.

ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ. ಆದರೆ ಅದರ 69ನೇ ಕಲಮು ಕಡ್ಡಾಯಕ್ಕಿಂತ ಬಿಗಿಯಾಗಿದೆ. ನೋಂದಣಿಯಾಗದ ಫರ್ಮ್ ತನ್ನ ಗಿರಾಕಿಯ ಮೇಲೆ ಒಪ್ಪಂದದ ಬಾಕಿಗಾಗಿ ಸಿವಿಲ್ ದಾವೆ ಹೂಡುವಂತಿಲ್ಲ. ಒಂದು ಹೋಟೆಲು ಆರು ಲಕ್ಷ ಬಾಕಿ ಉಳಿಸಿಕೊಂಡು ಕೈಯೆತ್ತಿತು ಎನ್ನೋಣ. ಬಿಲ್ಲುಗಳು, ಡೆಲಿವರಿ ಚಲನ್, ವಾಟ್ಸ್ಯಾಪ್‌ನಲ್ಲಿ ‘ಮುಂದಿನ ವಾರ ಕೊಡುತ್ತೇನೆ’ ಎಂಬ ಸಂದೇಶ, ಎಲ್ಲವೂ ನಿಮ್ಮ ಬಳಿ ಇವೆ. ಎದುರಿನ ವಕೀಲರು ಎತ್ತುವ ಮೊದಲ ಪ್ರಶ್ನೆ, ಫರ್ಮ್ ನೋಂದಣಿಯಾಗಿದೆಯೇ ಎಂಬುದು. ಇಲ್ಲವೆಂದರೆ ಸಾಕ್ಷ್ಯದ ಕಡೆಗೆ ನ್ಯಾಯಾಲಯ ಹೊರಳುವುದೇ ಇಲ್ಲ, ದಾವೆ ಬಿದ್ದುಹೋಗುತ್ತದೆ. ಪಾಲುದಾರರ ನಡುವಿನ ಒಪ್ಪಂದದ ಹಕ್ಕುಗಳಿಗಾಗಿ ಒಬ್ಬರ ಮೇಲೊಬ್ಬರು ದಾವೆ ಹೂಡಲೂ ಇದೇ ತಡೆ ಇದೆ. ಫರ್ಮ್ ವಿಸರ್ಜಿಸಿ ಲೆಕ್ಕ ಕೇಳುವ ದಾವೆಗೆ ಮಾತ್ರ ಅವಕಾಶವಿದೆ. ಮಹಾರಾಷ್ಟ್ರ ತಿದ್ದುಪಡಿ ತಂದು ಅದನ್ನೂ ಮುಚ್ಚಿತ್ತು, 2009ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ರದ್ದುಗೊಳಿಸಿತು.

ದಾವೆ ಹೂಡುವ ದಿನ ನೋಂದಣಿ ಇರಬೇಕು, ಸರಕು ಮಾರಿದ ದಿನ ಇಲ್ಲದಿದ್ದರೂ ನಡೆಯುತ್ತದೆ. ಆದ್ದರಿಂದ ತಡವಾಗಿಯಾದರೂ ನೋಂದಾಯಿಸಿ, ಬಾಕಿಯ ಮೂರು ವರ್ಷದ ಕಾಲಮಿತಿಯೊಳಗೆ ದಾವೆ ಹೂಡಬಹುದು. ಇಲ್ಲಿ ಇನ್ನೊಂದು ಬಲೆ ಇದೆ. ದಾವೆ ಹೂಡುವ ಪಾಲುದಾರರ ಹೆಸರುಗಳು ಆ ಪುಸ್ತಕದಲ್ಲಿ ಇರಬೇಕು. ಮಗನನ್ನು ಸೇರಿಸಿಕೊಂಡು ಹೊಸ ಪತ್ರ ಬರೆದು, ನೋಂದಣಾಧಿಕಾರಿಗೆ ತಿಳಿಸದೆ ಪತ್ರವನ್ನು ಕಪಾಟಿನಲ್ಲಿಟ್ಟ ಫರ್ಮ್ ಕೂಡ ಇದೇ ತೊಂದರೆಗೆ ಸಿಕ್ಕುತ್ತದೆ.

ಪಾಲುದಾರ ಮಾಡಿದ ಸಾಲಕ್ಕೆ ನಾನೂ ಹೊಣೆಯೇ?

ಹೌದು, ಪೂರ್ತಿ ಹೊಣೆ. ವ್ಯಾಪಾರದ ವಾಡಿಕೆಯೊಳಗೆ ಅವರು ಫರ್ಮ್ ಹೆಸರಿನಲ್ಲಿ 12 ಲಕ್ಷದ ಸರಕು ಉದ್ರಿ ತಂದರೆ, ಮಾರಿದವನು 12 ಲಕ್ಷವನ್ನೂ ನಿಮ್ಮೊಬ್ಬರಿಂದಲೇ ಕೇಳಬಹುದು. ‘ನನ್ನ ಪಾಲು ಶೇ 30 ಮಾತ್ರ’ ಎಂಬುದು ನಿಮ್ಮಿಬ್ಬರ ನಡುವಿನ ಲೆಕ್ಕ, ಅವನಿಗೆ ಸಂಬಂಧಿಸಿದ್ದಲ್ಲ.

ಫರ್ಮ್ ಬಿಟ್ಟ ಮೇಲೂ ಇದು ತಾನಾಗಿ ನಿಲ್ಲುವುದಿಲ್ಲ. ಹಳೆಯ ಸಾಲಗಳ ಹೊಣೆ ಉಳಿದೇ ಇರುತ್ತದೆ. ಹೊಸ ಸಾಲಗಳಿಂದ ಪಾರಾಗಲು ಸಾರ್ವಜನಿಕ ಪ್ರಕಟಣೆ ಬೇಕು. ನೋಂದಾಯಿತ ಫರ್ಮ್ ಆದರೆ ನೋಂದಣಾಧಿಕಾರಿಗೆ ಸೂಚನೆ, ರಾಜಪತ್ರದಲ್ಲಿ ಪ್ರಕಟಣೆ, ಆ ಜಿಲ್ಲೆಯಲ್ಲಿ ಓದುವ ದೇಶಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟಣೆ, ಈ ಮೂರೂ ಆಗಬೇಕು. ಮುಂಬೈ, ಪುಣೆಯಲ್ಲಿ ಅದು ಮರಾಠಿ ಪತ್ರಿಕೆಯಾದರೆ ಯಾರೂ ಪ್ರಶ್ನಿಸಲಾರರು. ‘ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೇನೆ’ ಎಂಬುದನ್ನು ನಂಬಿ ಕೂರಬೇಡಿ.

ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಫರ್ಮ್ ಏನಾಗುತ್ತದೆ?

ಮುಗಿದುಹೋಗುತ್ತದೆ. ‘ಪಾಲುದಾರರು ಮರಣ ಹೊಂದಿದರೆ ಅವರ ವಾರಸುದಾರರೊಂದಿಗೆ ಫರ್ಮ್ ಮುಂದುವರಿಯತಕ್ಕದ್ದು’ ಎಂಬ ವಾಕ್ಯ ಬಹುತೇಕ ಎಲ್ಲ ಪತ್ರಗಳಲ್ಲಿ ಇರುತ್ತದೆ, ಅದನ್ನು ನೋಡಿ ಜನ ನಿಶ್ಚಿಂತರಾಗುತ್ತಾರೆ. ಮೂರು ಅಥವಾ ಹೆಚ್ಚು ಪಾಲುದಾರರಿದ್ದರೆ ಆ ವಾಕ್ಯಕ್ಕೆ ಬಲವಿದೆ. ಇಬ್ಬರೇ ಇದ್ದಾಗ ಬಲವಿಲ್ಲ. ಒಬ್ಬರೇ ಉಳಿದ ಮೇಲೆ ಪಾಲುದಾರಿಕೆ ಎನ್ನುವುದೇ ಇಲ್ಲ, ವಾರಸುದಾರರು ಹೊಸ ಒಪ್ಪಂದ ಮಾಡಿಕೊಂಡರಷ್ಟೇ ಹೊಸ ಫರ್ಮ್ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ಉದಾಹರಣೆಯಲ್ಲಿ ಇದರ ಅರ್ಥ ನೋಡಿ. ಭಾವ ತೀರಿಕೊಂಡ ದಿನವೇ ಫರ್ಮ್ ವಿಸರ್ಜನೆಯಾಗುತ್ತದೆ. ಸುದ್ದಿ ತಿಳಿದ ಬ್ಯಾಂಕ್ ಖಾತೆಯನ್ನು ತಡೆಹಿಡಿಯುತ್ತದೆ. ಶೀತಲ ಗೋದಾಮಿನಲ್ಲಿ ಮೆಣಸಿನಕಾಯಿ ಇದೆ, ಹೋಟೆಲುಗಳಿಂದ ಬರಬೇಕಾದ ಬಾಕಿ ಇದೆ, ಬಿಲ್ ಹಾಕಲು ಜಿಎಸ್‌ಟಿ ಸಂಖ್ಯೆಗೆ ಆಧಾರವಿಲ್ಲ. ಅಕ್ಕ ದುಃಖದಲ್ಲಿರುವ ಹೊತ್ತಿಗೇ ತಮ್ಮ ಅವಳ ಮುಂದೆ ಲೆಕ್ಕಪುಸ್ತಕ ಬಿಚ್ಚಿ ಕೂರಬೇಕಾಗುತ್ತದೆ. ಎಷ್ಟೋ ಮನೆಗಳು ಒಡೆಯುವುದು ಇಲ್ಲಿಯೇ.

ಪರಿಹಾರ ಕಷ್ಟದ್ದಲ್ಲ. ಮೊದಲಿಂದಲೇ ಮೂರನೆಯ ಪಾಲುದಾರರನ್ನು ಸೇರಿಸಿ. ಅಕ್ಕನೇ ಶೇ 5ರ ಪಾಲುದಾರಳಾಗಬಹುದು. ಹೊಣೆ ಅವಳಿಗೂ ತಟ್ಟುತ್ತದೆ ಎಂಬುದನ್ನು ಅವಳಿಗೆ ವಿವರಿಸಿಯೇ ಸಹಿ ಹಾಕಿಸಬೇಕು. ಜೊತೆಗೆ, ತೀರಿಕೊಂಡವರ ಪಾಲಿನ ಬೆಲೆಯನ್ನು ಯಾವ ದಿನದ ಲೆಕ್ಕದ ಮೇಲೆ ಕಟ್ಟಬೇಕು, ಎಷ್ಟು ಕಂತುಗಳಲ್ಲಿ ಕೊಡಬೇಕು ಎಂದು ಪತ್ರದಲ್ಲಿ ಬರೆಯಿರಿ.

ಕಂಪನಿಯಲ್ಲಿ ಈ ತೊಡಕು ಇಲ್ಲ. ಷೇರುಗಳು ವಾರಸುದಾರರಿಗೆ ಹೋಗುತ್ತವೆ, ಕಂಪನಿ ಹಾಗೆಯೇ ಉಳಿಯುತ್ತದೆ. ಕಂಪನಿಯ ಪರವಾಗಿ ನಾನು ಅತಿ ಗಟ್ಟಿಯಾಗಿ ಹೇಳುವ ಮಾತು ಇದು.

ತೆರಿಗೆ ಯಾವುದರಲ್ಲಿ ಕಡಿಮೆ?

18 ಲಕ್ಷವನ್ನೇ ಹಿಡಿದು ನೋಡೋಣ. ದರಗಳು 2025ರ ಬಜೆಟ್‌ನ ಹೊಸ ತೆರಿಗೆ ಪದ್ಧತಿಯವು, ಸೆಸ್ ಸೇರಿದೆ.

ಇಡೀ ವ್ಯಾಪಾರ ಒಬ್ಬರ ಏಕಮಾಲೀಕತ್ವವಾಗಿದ್ದರೆ ತೆರಿಗೆ 1,66,400 ರೂಪಾಯಿ.

ಪಾಲುದಾರಿಕೆಯಲ್ಲಿ ಫರ್ಮ್‌ಗೆ ಸ್ಲ್ಯಾಬ್ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ 31.2. ಪತ್ರದಲ್ಲಿ ಪಾಲುದಾರರ ಸಂಬಳದ ಮಾತೇ ಇಲ್ಲದಿದ್ದರೆ 5,61,600 ರೂಪಾಯಿ ಕಟ್ಟಬೇಕು. ದುಡಿಯುವ ಪಾಲುದಾರರಿಗೆ ಸಂಬಳವೆಂದು ಪತ್ರದಲ್ಲಿ ಬರೆದಿದ್ದರೆ ಕಾನೂನು ಒಂದು ಮಿತಿಯವರೆಗೆ ಅದನ್ನು ಖರ್ಚೆಂದು ಒಪ್ಪುತ್ತದೆ. ಲಾಭದ ಮೊದಲ 6 ಲಕ್ಷದಲ್ಲಿ ಶೇ 90, ಉಳಿದುದರಲ್ಲಿ ಶೇ 60. 18 ಲಕ್ಷಕ್ಕೆ ಇದು 12.6 ಲಕ್ಷ ಆಗುತ್ತದೆ. ಇಬ್ಬರಿಗೂ ತಲಾ 6.3 ಲಕ್ಷ ಹೋಗುತ್ತದೆ. ಬೇರೆ ಆದಾಯವಿಲ್ಲದಿದ್ದರೆ 12 ಲಕ್ಷದ ಒಳಗಿರುವುದರಿಂದ ಅವರ ಕೈಯಲ್ಲಿ ತೆರಿಗೆ ಇಲ್ಲ. ಫರ್ಮ್‌ನಲ್ಲಿ ಉಳಿದ 5.4 ಲಕ್ಷಕ್ಕೆ 1,68,480 ರೂಪಾಯಿ. ಪತ್ರದ ಒಂದು ಕಲಮಿನಿಂದ ವರ್ಷಕ್ಕೆ ನಾಲ್ಕು ಲಕ್ಷದಷ್ಟು ವ್ಯತ್ಯಾಸ! ಭಾವನ ಬಂಡವಾಳಕ್ಕೆ ಬಡ್ಡಿಯನ್ನೂ ಬರೆದಿದ್ದರೆ ತೆರಿಗೆ ಇನ್ನೂ ಇಳಿಯುತ್ತದೆ. ಶೇ 12ರವರೆಗಿನ ಬಡ್ಡಿಯನ್ನು ಒಪ್ಪುತ್ತಾರೆ. ‘ಪಾಲುದಾರರು ಆಗಾಗ ಒಪ್ಪಿಕೊಂಡಷ್ಟು ಸಂಬಳ’ ಎಂಬ ಸಡಿಲ ಬರಹ ಸಾಲದು. ಮೊತ್ತವನ್ನೋ ಲೆಕ್ಕ ಹಾಕುವ ಬಗೆಯನ್ನೋ ಸ್ಪಷ್ಟವಾಗಿ ಬರೆಯಬೇಕು. 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ ಫರ್ಮ್ ಶೇ 10 ಟಿಡಿಎಸ್ ಹಿಡಿಯಬೇಕು. ಇದು ಇನ್ನೂ ಹಲವರಿಗೆ ತಿಳಿದಿಲ್ಲ.

ಕಂಪನಿಯಲ್ಲಿ ಶೇ 22ರ ದರ ಆರಿಸಿಕೊಂಡರೆ ಸರ್ಚಾರ್ಜ್, ಸೆಸ್ ಸೇರಿ ಸುಮಾರು ಶೇ 25.17 ಆಗುತ್ತದೆ. ನಿರ್ದೇಶಕರ ಸಂಬಳಕ್ಕೆ ಪಾಲುದಾರಿಕೆಯಂಥ ಸೂತ್ರದ ಮಿತಿ ಇಲ್ಲ, ಕೆಲಸಕ್ಕೆ ತಕ್ಕದ್ದಾಗಿದ್ದರೆ ಸಾಕು. ಇಬ್ಬರಿಗೂ ತಲಾ 7.5 ಲಕ್ಷ ಕೊಟ್ಟರೆ ಉಳಿದ 3 ಲಕ್ಷಕ್ಕೆ ತೆರಿಗೆ ಸುಮಾರು 75,500. ಆ ಉಳಿಕೆಯನ್ನು ಲಾಭಾಂಶವಾಗಿ ಹಂಚಿದರೆ ಪಡೆದವರ ಆದಾಯಕ್ಕೆ ಅದು ಸೇರುತ್ತದೆ.

ಹಾಗಾದರೆ ಕಂಪನಿಯೇ ಅಗ್ಗವಲ್ಲವೇ ಎಂದರೆ, ತೆರಿಗೆಯ ಮಟ್ಟಿಗೆ ಹೌದು. ಪಾಲುದಾರಿಕೆಗಿಂತ 93,000 ಕಡಿಮೆ. ಆದರೆ ಅದರ ದೊಡ್ಡ ಭಾಗವನ್ನು ಲೆಕ್ಕಪರಿಶೋಧನೆ ಮತ್ತು ಫೈಲಿಂಗ್ ಖರ್ಚು ತಿಂದುಹಾಕಬಹುದು.

ವಹಿವಾಟಿನ ಶೇ 6 ಲಾಭ ತೋರಿಸಿ ಮುಗಿಸುವ ಸರಳ ದಾರಿ ಇದೆಯಂತಲ್ಲ?

ಇದೆ. ನಗದು ಶೇ 5 ಮೀರದಿದ್ದರೆ 3 ಕೋಟಿ ವಹಿವಾಟಿನವರೆಗೆ, ಇಲ್ಲದಿದ್ದರೆ 2 ಕೋಟಿವರೆಗೆ. ಏಕಮಾಲೀಕನಿಗೆ ಇದು ನಿಜಕ್ಕೂ ಅನುಕೂಲ. ಕಂಪನಿಗೆ ಈ ದಾರಿ ಇಲ್ಲ. ಪಾಲುದಾರಿಕೆಗೆ ಇದ್ದರೂ ಆಗ ಪಾಲುದಾರರ ಸಂಬಳ, ಬಡ್ಡಿ ಕಳೆಯಲು ಬಿಡುವುದಿಲ್ಲ. ನಮ್ಮ ಜೋಡಿಗೆ ಎರಡೂವರೆ ಕೋಟಿಯ ಶೇ 6, ಅಂದರೆ 15 ಲಕ್ಷದ ಮೇಲೆ 4,68,000 ತೆರಿಗೆ ಬೀಳುತ್ತದೆ. ಸರಿಯಾಗಿ ಲೆಕ್ಕ ಬರೆದರೆ ಅದರ ಅರ್ಧಕ್ಕಿಂತಲೂ ಕಡಿಮೆ.

ಕಂಪನಿ ಮಾಡಿದರೆ ಮನೆ, ಹೊಲ ಸುರಕ್ಷಿತವೇ?

ಸರಕು ಉದ್ರಿ ಕೊಟ್ಟವರ ಮಟ್ಟಿಗೆ ಬಹುಪಾಲು ಸುರಕ್ಷಿತ. ಬೇರೆಯವರ ಮಟ್ಟಿಗೆ ಆ ಗುರಾಣಿಯಲ್ಲಿ ತೂತುಗಳಿವೆ. ಬ್ಯಾಂಕ್ ಸಾಲಕ್ಕೆ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಹೆಚ್ಚುಕಡಿಮೆ ಯಾವಾಗಲೂ ಕೇಳುತ್ತಾರೆ. ಸಹಿ ಹಾಕಿದ ಮೇಲೆ ಆ ಸಾಲದ ಮಟ್ಟಿಗೆ ನೀವು ಪಾಲುದಾರರಷ್ಟೇ ಬಯಲಿನಲ್ಲಿದ್ದೀರಿ. ಕಂಪನಿಯ ಚೆಕ್ ಬೌನ್ಸ್ ಆದರೆ ವ್ಯವಹಾರ ನೋಡಿಕೊಳ್ಳುತ್ತಿದ್ದ ನಿರ್ದೇಶಕನ ಮೇಲೂ ಕ್ರಿಮಿನಲ್ ದೂರು ದಾಖಲಾಗುತ್ತದೆ. ಕಂಪನಿಯಿಂದ ವಸೂಲಾಗದ ಜಿಎಸ್‌ಟಿ ಮತ್ತು ಆದಾಯ ತೆರಿಗೆಯನ್ನು ಪ್ರೈವೇಟ್ ಕಂಪನಿಯ ನಿರ್ದೇಶಕರಿಂದ ವಸೂಲು ಮಾಡಬಹುದು. ತನ್ನ ಘೋರ ನಿರ್ಲಕ್ಷ್ಯದಿಂದ ಹೀಗಾಗಲಿಲ್ಲ ಎಂದು ತೋರಿಸುವ ಭಾರ ನಿರ್ದೇಶಕನ ಮೇಲೆಯೇ ಇರುತ್ತದೆ.

ಆದ್ದರಿಂದ ನಿಮ್ಮ ಉದ್ರಿ ಯಾವ ಕಡೆ ಇದೆ ಎಂದು ಮೊದಲು ನೋಡಿ. ನಮ್ಮ ಜೋಡಿ ಬ್ಯಾಡಗಿಯಲ್ಲಿ ಹಣ ಕೊಟ್ಟು ಕೊಳ್ಳುತ್ತದೆ, ಮುಂಬೈಯಲ್ಲಿ ಉದ್ರಿ ಮಾರುತ್ತದೆ. ನಾಲ್ಕು ಹೋಟೆಲು ಕೈಕೊಟ್ಟರೆ ಹೋಗುವುದು ಅವರದೇ ಬಂಡವಾಳ, ಅದನ್ನು ಕಂಪನಿಯೂ ಉಳಿಸುವುದಿಲ್ಲ. ಅದೇ ಭಿವಂಡಿಯಿಂದ ಬಟ್ಟೆಯನ್ನು 90 ದಿನದ ಉದ್ರಿಯಲ್ಲಿ ತಂದು ಅಂಗಡಿಗಳಿಗೆ ಮತ್ತೆ ಉದ್ರಿ ಕೊಡುವವನ ಸ್ಥಿತಿ ಬೇರೆ. ಅವನ ಗಿರಾಕಿ ಮುಳುಗಿದರೆ ಬೇರೆಯವರ ಹಣಕ್ಕೆ ಅವನ ಮನೆ ಉತ್ತರ ಹೇಳಬೇಕಾಗುತ್ತದೆ. ಕಂಪನಿಯ ಗುರಾಣಿಗೆ ಬೆಲೆ ಇರುವುದು ಅವನಿಗೆ.

ಕಂಪನಿ ನಮ್ಮದೇ ಅಲ್ಲವೇ, ಗಲ್ಲಾದಿಂದ ಹಣ ತೆಗೆಯಬಹುದಲ್ಲ?

ತೆಗೆಯಬಾರದು. ಏಕಮಾಲೀಕನು ಮಗಳ ಶಾಲೆಯ ಶುಲ್ಕಕ್ಕೆ ಗಲ್ಲಾಕ್ಕೆ ಕೈಹಾಕಿದರೆ ಅದು ಅವನದೇ ಹಣ. ಕಂಪನಿಯಲ್ಲಿ ಸಂಬಳ, ಲಾಭಾಂಶ, ಬಾಡಿಗೆ ಅಥವಾ ನೀವು ಕೊಟ್ಟ ಸಾಲದ ವಾಪಸಾತಿ ಎಂಬ ಹೆಸರಿಲ್ಲದೆ ತೆಗೆದ ಹಣ ನಿರ್ದೇಶಕನಿಗೆ ಕೊಟ್ಟ ಸಾಲವಾಗುತ್ತದೆ. ಅಂಥ ಸಾಲವನ್ನು ಕಂಪನಿ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸಿದೆ. ಆದಾಯ ತೆರಿಗೆಯಲ್ಲಿ ಅದನ್ನು ಲಾಭಾಂಶವೆಂದೇ ಎಣಿಸಿ ತೆರಿಗೆ ಹಾಕಬಹುದು.

ಕಂಪನಿಯೊಳಗೆ ಹಣ ತರುವುದಕ್ಕೂ ಕಟ್ಟುಪಾಡಿದೆ. ಹಂಗಾಮಿನಲ್ಲಿ ಐದು ಲಕ್ಷ ಕಡಿಮೆ ಬಿದ್ದರೆ ಸೋದರಮಾವನ ಹತ್ತಿರ ಕೈಗಡ ತರುವುದು ನಮ್ಮಲ್ಲಿ ರೂಢಿ. ಪ್ರೈವೇಟ್ ಕಂಪನಿ ನಿರ್ದೇಶಕರಿಂದ, ಅವರ ‘ಸಂಬಂಧಿ’ಗಳಿಂದ ಸಾಲ ಪಡೆಯಬಹುದು, ಅದು ಅವರು ಬೇರೆಡೆ ಸಾಲ ಮಾಡಿ ತಂದ ಹಣವಲ್ಲ ಎಂಬ ಘೋಷಣೆ ಬೇಕು. ಆದರೆ ಕಾಯ್ದೆಯ ಸಂಬಂಧಿಗಳ ಪಟ್ಟಿ ಚಿಕ್ಕದು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಸೊಸೆ, ಅಳಿಯ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವಿಭಕ್ತ ಕುಟುಂಬದ ಸದಸ್ಯರು, ಇಷ್ಟೇ. ಸೋದರಮಾವ, ಚಿಕ್ಕಪ್ಪ, ಷಡ್ಡಕ ಅದರಲ್ಲಿಲ್ಲ. ಅವರಿಂದ ಕಂಪನಿ ನೇರವಾಗಿ ಸಾಲ ಪಡೆದರೆ ಅದು ಠೇವಣಿ ನಿಯಮಗಳ ಉಲ್ಲಂಘನೆ. ಕೈಗಡದ ಮೇಲೆ ಹಂಗಾಮು ನಡೆಸುವವರು ಕಂಪನಿ ಮಾಡುವ ಮೊದಲು ಇದನ್ನು ಕುಳಿತು ಯೋಚಿಸಲೇಬೇಕು.

ಕಂಪನಿಯನ್ನು ನಡೆಸುವ ಖರ್ಚು, ಕೆಲಸ ಎಷ್ಟು?

ಹುಟ್ಟುಹಾಕುವುದು ಸುಲಭ. ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು, ಅವರೇ ಇವರಾಗಬಹುದು. ಕನಿಷ್ಠ ಬಂಡವಾಳದ ನಿಯಮವಿಲ್ಲ. SPICe+ ನಮೂನೆಯಲ್ಲೇ ಪ್ಯಾನ್ ಕೂಡ ಬರುತ್ತದೆ, ಅಧಿಕೃತ ಬಂಡವಾಳ 15 ಲಕ್ಷದವರೆಗೆ ಕೇಂದ್ರದ ನೋಂದಣಿ ಶುಲ್ಕವಿಲ್ಲ, ರಾಜ್ಯದ ಮುದ್ರಾಂಕ ಶುಲ್ಕ ಮಾತ್ರ. ಷೇರು ಹಣ ಖಾತೆಗೆ ತಂದು, ಕಂಪನಿ ನೋಂದಣಿಯಾದ ದಿನದಿಂದ 180 ದಿನದೊಳಗೆ ವ್ಯಾಪಾರ ಆರಂಭದ ಘೋಷಣೆಯಾದ INC-20A ಸಲ್ಲಿಸಬೇಕು. ಮರೆತರೆ ಕಂಪನಿಗೆ 50,000 ದಂಡ.

ಕಷ್ಟ ಇರುವುದು ಸಾಕುವುದರಲ್ಲಿ. ಒಂದು ರೂಪಾಯಿ ವಹಿವಾಟಿಲ್ಲದಿದ್ದರೂ ಪ್ರತಿ ವರ್ಷ ಲೆಕ್ಕಪರಿಶೋಧನೆ, ಲೆಕ್ಕಪತ್ರ ಸಲ್ಲಿಸುವ AOC-4, ವಾರ್ಷಿಕ ವಿವರದ MGT-7A ತಪ್ಪುವುದಿಲ್ಲ. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ. ಎರಡನ್ನೂ 300 ದಿನ ಬಿಟ್ಟರೆ 60,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ವ್ಯಾಪಾರ ನಿಂತಾಗ ಕಂಪನಿಯನ್ನು ಹಾಗೆಯೇ ಬಿಟ್ಟು ಊರಿಗೆ ಹೋಗುವವರು ಸಿಕ್ಕಿಬೀಳುವುದು ಹೀಗೆ.

ನಮ್ಮ ಅಂಗಡಿ ಪಗಡಿಯದು. ಕಂಪನಿಯ ಹೆಸರಿಗೆ ಮಾಡಬಹುದೇ?

ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಮೊದಲೇ ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ ಹಿಡಿದ ಹಳೆಯ ಮುಂಬೈಯ ಪಗಡಿ ಅಂಗಡಿಯಲ್ಲಿ ಬಾಡಿಗೆದಾರ ನಿಮ್ಮ ತಂದೆ ಅಥವಾ ನೀವು. ಕಂಪನಿ ಬೇರೆಯೇ ವ್ಯಕ್ತಿ. ಅದಕ್ಕೆ ಅಂಗಡಿ ಬಿಟ್ಟುಕೊಟ್ಟರೆ ಒಳಬಾಡಿಗೆ ಅಥವಾ ಹಸ್ತಾಂತರವೆಂದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ತೆರವಿನ ದಾವೆ ಬರಬಹುದು. ಬಾಡಿಗೆದಾರನೇ ಹಿಡಿತ ಉಳಿಸಿಕೊಂಡು ನಿಜವಾದ ಪಾಲುದಾರನನ್ನು ಸೇರಿಸಿಕೊಂಡರೆ ಅದು ತನ್ನಷ್ಟಕ್ಕೆ ಒಳಬಾಡಿಗೆಯಾಗುವುದಿಲ್ಲ. ಅಂಗಡಿ ಕೈಬದಲಾಯಿಸಲೆಂದೇ ಬರೆದ ನೆಪದ ಪಾಲುದಾರಿಕೆಯಾದರೆ ನ್ಯಾಯಾಲಯ ಅದನ್ನು ಸರಿಸಿ ಒಳಗಿನದನ್ನು ನೋಡುತ್ತದೆ. ಪಾವತಿಯಾದ ಷೇರು ಬಂಡವಾಳ ಒಂದು ಕೋಟಿ ಅಥವಾ ಹೆಚ್ಚಿರುವ ಕಂಪನಿಗೆ ಈ ಕಾಯ್ದೆಯ ರಕ್ಷಣೆಯೇ ಇಲ್ಲ. ಲೀವ್ ಅಂಡ್ ಲೈಸೆನ್ಸ್ ಅಂಗಡಿಯಾದರೆ ಹೊಸ ಹೆಸರಿನಲ್ಲಿ ಹೊಸ ಕರಾರು ನೋಂದಾಯಿಸಿದರಾಯಿತು.

ಎಲ್‌ಎಲ್‌ಪಿ ಹೇಗೆ?

ಇದು ಸೀಮಿತ ಹೊಣೆಯ ಪಾಲುದಾರಿಕೆ. ಹೊಣೆಗೆ ಮಿತಿ ಇದೆ, ತೆರಿಗೆ ಫರ್ಮ್‌ನಂತೆ. ವಹಿವಾಟು 40 ಲಕ್ಷ ಅಥವಾ ಪಾಲುದಾರರು ಹಾಕಿದ ಬಂಡವಾಳ 25 ಲಕ್ಷ ದಾಟಿದರೆ ಲೆಕ್ಕಪರಿಶೋಧನೆ ಕಡ್ಡಾಯ. ಸರಕು ವ್ಯಾಪಾರದಲ್ಲಿ 40 ಲಕ್ಷ ಬೇಗ ದಾಟುತ್ತದೆ. ಹೊಣೆಯ ಮಿತಿ ಬೇಕು, ಹೊರಗಿನವರ ಷೇರು ಹಣ ಬೇಡ ಎನ್ನುವವರು ಯೋಚಿಸಬಹುದು.

ಗೋವಾದಲ್ಲಿ ಬೇರೆ ಏನಾದರೂ ಇದೆಯೇ?

ಅಲ್ಲಿನ ಸಿವಿಲ್ ಕೋಡ್‌ನ ಸಮಾನ ಆಸ್ತಿ ಪದ್ಧತಿಗೆ ಒಳಪಟ್ಟ ದಂಪತಿಗಳಾದರೆ ಸಂಬಳ ಬಿಟ್ಟು ಉಳಿದ ಆದಾಯವನ್ನು ಗಂಡ ಹೆಂಡತಿಗೆ ಸಮನಾಗಿ ಹಂಚಿ ತೆರಿಗೆ ಹಾಕುತ್ತಾರೆ. ವ್ಯಾಪಾರದ ಲಾಭವೂ ಹೀಗೆ ಎರಡಾಗುವುದರಿಂದ ಅವರಿಗೆ ಏಕಮಾಲೀಕತ್ವ ಹೆಚ್ಚು ಹಗುರ. ಕೆಲಸಕ್ಕಾಗಿ ಕರ್ನಾಟಕದಿಂದ ಹೋಗಿ ನೆಲೆಸಿದವರಿಗೆಲ್ಲ ಇದು ತಾನಾಗಿ ಅನ್ವಯಿಸುವುದಿಲ್ಲ, ಸ್ಥಳೀಯ ವಕೀಲರನ್ನು ಕೇಳಿ.

ಕೊನೆಗೆ, ಈ ಭಾವ ಮತ್ತು ಭಾವಮೈದುನನಿಗೆ ನಿಮ್ಮ ಸಲಹೆ ಏನು?

ಇಂದಿನ ಸ್ಥಿತಿಯಲ್ಲಿ ನೋಂದಾಯಿತ ಪಾಲುದಾರಿಕೆ, ಅಕ್ಕನೂ ಸೇರಿ ಮೂವರು ಪಾಲುದಾರರು, ಸಂಬಳ ಬಡ್ಡಿಯ ಸ್ಪಷ್ಟ ಕಲಮುಗಳು. ಅವರು ಕೊಳ್ಳುವುದು ನಗದಿಗೆ, ಕೈಗಡ ತರುವುದು ನೆಂಟರಿಂದ, ಬೇಕಾಗಿರುವುದು ಹೋಟೆಲುಗಳ ಮೇಲೆ ದಾವೆ ಹೂಡುವ ಹಕ್ಕು. ಅದು ನೋಂದಣಿಯಿಂದಲೇ ಸಿಗುತ್ತದೆ. ಸರಕನ್ನು ದೊಡ್ಡ ಮೊತ್ತದಲ್ಲಿ ಉದ್ರಿ ತರಲು ತೊಡಗಿದರೆ, ನೆಂಟರಲ್ಲದವರು ಬಂಡವಾಳ ಹಾಕಲು ಮುಂದಾದರೆ, ಅಥವಾ ಲಾಭದ ದೊಡ್ಡ ಭಾಗವನ್ನು ಮನೆಗೆ ಒಯ್ಯದೆ ವ್ಯಾಪಾರದಲ್ಲೇ ಬಿಡುವಂತಾದರೆ ಕಂಪನಿಗೆ ಹೋಗುವುದು ಸರಿ.

ಮುಂದೆ ಕಂಪನಿಗೆ ಬದಲಾಯಿಸುವುದು ಕಷ್ಟವೇ?

ಆಗುವ ಕೆಲಸವೇ, ಆದರೆ ಹಂಗಾಮಿನ ನಡುವೆ ಕೈಹಾಕಬೇಡಿ. ಪ್ಯಾನ್ ಬದಲಾಗುವುದರಿಂದ ಜಿಎಸ್‌ಟಿ ಸಂಖ್ಯೆ ಹೊಸದು. ಹಳೆಯದರಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ ಅನ್ನು ITC-02 ನಮೂನೆಯಲ್ಲಿ ವರ್ಗಾಯಿಸಬೇಕು. ಹಳೆಯ ನೋಂದಣಿ ರದ್ದಾಗುವ ಮೊದಲೇ ಇದು ಮುಗಿಯಬೇಕು. ಗುಮಾಸ್ತಾ, ಎಫ್‌ಎಸ್‌ಎಸ್‌ಎಐ, ಮಾರುಕಟ್ಟೆ ಸಮಿತಿಯ ಪರವಾನಗಿ, ಬ್ಯಾಂಕ್ ಖಾತೆ ಎಲ್ಲವೂ ಹೊಸ ಹೆಸರಿಗೆ ಆಗಬೇಕು. ಆಸ್ತಿ, ಸಾಲ ಎಲ್ಲವನ್ನೂ ಕಂಪನಿಗೆ ಕೊಟ್ಟು, ಪ್ರತಿಯಾಗಿ ಷೇರು ಮಾತ್ರ ಪಡೆದು, ಕನಿಷ್ಠ ಅರ್ಧದಷ್ಟು ಮತದ ಹಕ್ಕನ್ನು ಐದು ವರ್ಷ ಉಳಿಸಿಕೊಂಡರೆ ಈ ಬದಲಾವಣೆಗೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಏಪ್ರಿಲ್ 1ರಿಂದ ಹೊಸ ಹೆಸರಿನಲ್ಲಿ ಬಿಲ್ ಶುರುವಾಗುವಂತೆ ಲೆಕ್ಕ ಹಾಕಿ, ಜನವರಿಯಲ್ಲೇ ಅರ್ಜಿಗಳ ಕೆಲಸ ಆರಂಭಿಸಿ. ಹಳೆಯ ಬ್ಯಾಂಕ್ ಖಾತೆಯನ್ನು ಹೋಟೆಲುಗಳ ಕೊನೆಯ ಬಾಕಿ ಜಮೆಯಾಗುವವರೆಗೆ ಮುಚ್ಚಬೇಡಿ.